ಶಾಲೆಯ ಮೇಲ್ ನಮ್ಮಲ್ಲೇ ಇಟ್ಟುಕೊಳ್ಳೋಣವೇ? ಉಡುಪಿಯ ಒಂದು ಶಾಲೆಗೆ ಬರೆದ ಟಿಪ್ಪಣಿ

ಇದು ಶುರುವಾದದ್ದು ಒಂದು ಟಿಸಿಯಿಂದ. ಉಡುಪಿಯಿಂದ ಕಾರ್ಕಳದ ಕಡೆ ಹೋಗುವ ದಾರಿಯಲ್ಲಿರುವ ಒಂದು ಶಾಲೆ. ಅಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ತಂದೆ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾರೆ. ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಲು ಟಿಸಿಯ ಪ್ರತಿ ಬೇಕಾಗಿತ್ತು. ಆಫೀಸಿನವರು ಶಾಲೆಯ ವಿಳಾಸದಿಂದ ಮೂರು ಸಲ ಕಳಿಸಿದರು. ಮೂರು ಸಲವೂ ಅವರಿಗೆ ಸಿಗಲಿಲ್ಲ. ಸ್ಪಾಮ್ ಫೋಲ್ಡರ್‌ನಲ್ಲೂ ಇರಲಿಲ್ಲ. ಕೊನೆಗೆ ಆಫೀಸಿನ ಅಕ್ಕ ತಮ್ಮ ಸ್ವಂತ ಜೀಮೇಲ್‌ನಿಂದ ಕಳಿಸಿದರು. ಎರಡೇ ನಿಮಿಷದಲ್ಲಿ ತಲುಪಿತು.

ಪ್ರಿನ್ಸಿಪಾಲ್ ಮೇಡಂಗೆ ತಲೆಬಿಸಿ ಆದದ್ದು ಮೇಲ್ ಹೋಗದ ಬಗ್ಗೆ ಅಲ್ಲ. ಅದು ಹೋದ ರೀತಿಯ ಬಗ್ಗೆ. "ಶಾಲೆಯ ಟಿಸಿ ಒಬ್ಬರ ಸ್ವಂತ ಮೇಲ್‌ನಿಂದ ಹೋಗುವುದೆಂದರೆ ಎಂತ ಸರ್? ನಾಳೆ ಅವರು ಕೆಲಸ ಬಿಟ್ಟರೆ ಆ ಪತ್ರವೂ ಅವರೊಟ್ಟಿಗೆ ಹೋಗ್ತದಲ್ಲ?" ಎಂದು ಕೇಳಿದರು. ನನ್ನ ಮಗ ಅದೇ ಶಾಲೆಯಲ್ಲಿ ಎಂಟನೇ ತರಗತಿ. ನಾನು ಮಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಹಾಗಾಗಿ ಪೋಷಕರ ಸಭೆಯ ದಿನ ನನ್ನನ್ನು ಹಿಡಿದು ಕೂರಿಸಿದರು.

ಬೆಂಗಳೂರಿನಲ್ಲಿರುವ ಒಬ್ಬ ಹಳೆ ವಿದ್ಯಾರ್ಥಿ ಅಷ್ಟರಲ್ಲಾಗಲೇ ಮೇಡಂಗೆ ಒಂದು ಸಲಹೆ ಕೊಟ್ಟಾಗಿತ್ತು. ಸ್ವಂತ ಮೇಲ್ ಸರ್ವರ್ ಹಾಕಿದರೆ ತಿಂಗಳಿಗೆ ಒಂದೂವರೆ ಸಾವಿರ ಸಾಕು, ತಲೆಗೆ ಇಷ್ಟು ಅಂತ ಯಾರಿಗೂ ಕೊಡಬೇಕಾಗಿಲ್ಲ, ಪತ್ರಗಳೆಲ್ಲ ನಮ್ಮ ಕೈಯಲ್ಲೇ ಇರುತ್ತವೆ ಎಂದು. ಮೇಡಂ ನನ್ನಿಂದ ಕೇಳಿದ್ದು ಇಷ್ಟೇ: ಅವನು ಹೇಳಿದ್ದು ಹೌದಾ, ಟ್ರಸ್ಟಿನವರಿಗೆ ಓದಿ ಹೇಳುವ ಹಾಗೆ ಬರೆದು ಕೊಡಿ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಒಳಗೊಳಗೆ ನನಗೂ ಸ್ವಂತ ಸರ್ವರ್ ಹಾಕುವ ಆಸೆಯಿತ್ತು. ಈ ಕೆಲಸ ಮಾಡುವವರಿಗೆಲ್ಲ ಅದೊಂದು ಚಪಲ. ಅದಕ್ಕೇ ಸುಮ್ನೆ ಅಭಿಪ್ರಾಯ ಬರೆಯದೆ, ಆರು ವಾರ ನಡೆಸಿ ನೋಡಿ ಆಮೇಲೆ ಬರೆಯುತ್ತೇನೆ ಎಂದೆ.

ಇದ್ದದ್ದು ಏನು

ಶಾಲೆಯ ಹಳೆ ಮೇಲ್ ವೆಬ್‌ಸೈಟಿನ ಜೊತೆ ಉಚಿತವಾಗಿ ಬಂದದ್ದು. ವೆಬ್‌ಸೈಟ್ ಇಡಲು ಜಾಗ ಕೊಡುವ ಕಂಪೆನಿಗಳು ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳನ್ನು ತುಂಬುತ್ತವೆ. ಅಷ್ಟೂ ಸೈಟುಗಳ ಮೇಲ್ ಹೊರಗೆ ಹೋಗುವುದು, ಇಂಟರ್ನೆಟ್ಟಿನಲ್ಲಿ ಆ ಸರ್ವರಿನ ಮನೆ ನಂಬರಿನಂತಿರುವ ಒಂದೇ ಐಪಿ ವಿಳಾಸದಿಂದ. ಅದರಲ್ಲಿ ಯಾವುದೋ ಒಂದು ಸೈಟ್ ಹ್ಯಾಕ್ ಆಗಿ ಸ್ಪಾಮ್ ಕಳಿಸಿದರೆ ಆ ಐಪಿ ಕಪ್ಪುಪಟ್ಟಿಗೆ ಬೀಳುತ್ತದೆ. ಅದರ ಜೊತೆಗೆ ನಮ್ಮ ಟಿಸಿಯೂ. ಆಗಿದ್ದು ಅದೇ. ತಿರಸ್ಕಾರದ ಉತ್ತರಗಳು ವಾಪಸ್ ಬಂದಿದ್ದವು. ಆದರೆ ಅವು ಬಂದು ಬಿದ್ದದ್ದು ಯಾರೂ ತೆರೆಯದ ಒಂದು ಪೆಟ್ಟಿಗೆಗೆ.

ಶಾಲೆಗೆ ಬೇಕಾದದ್ದು ಒಟ್ಟು 43 ಪೆಟ್ಟಿಗೆ. 38 ಸಿಬ್ಬಂದಿಗೆ, ಉಳಿದ ಐದು ಆಫೀಸು, ಅಡ್ಮಿಷನ್, ಫೀಸು ಮುಂತಾದ ಹುದ್ದೆಗಳಿಗೆ. ಮಕ್ಕಳಿಗೆ ಸದ್ಯಕ್ಕೆ ಬೇಡ ಎಂದು ಮೇಡಂ ಮೊದಲೇ ಹೇಳಿದ್ದರು. ಅದು ಒಳ್ಳೆಯದೇ ಆಯಿತು. 2023ರ ದತ್ತಾಂಶ ರಕ್ಷಣೆ ಕಾಯಿದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಪಡೆಯುವ ಪ್ರಶ್ನೆ ಬರುತ್ತದೆ, ಅದರ ಲೆಕ್ಕವೇ ಬೇರೆ.

ಮಳೆಗಾಲದ ರಜೆಯ ಸುದ್ದಿ ಕಳಿಸಲಂತೂ ಮೇಲ್ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳ ಆದೇಶ ಬರುವ ಮೊದಲೇ ಅದು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿರುತ್ತದೆ. ಮೇಲ್ ಬೇಕಿರುವುದು ದಾಖಲೆಯಾಗಿ ಉಳಿಯಬೇಕಾದ ಪತ್ರಗಳಿಗೆ: ಇಲಾಖೆ, ಬೋರ್ಡು, ಬ್ಯಾಂಕು, ಗಲ್ಫಿನಲ್ಲಿರುವ ಪೋಷಕರು.

ಲ್ಯಾಬಿನ ಮೂಲೆಯ ಕಂಪ್ಯೂಟರ್

ಟ್ರಸ್ಟಿನ ಒಬ್ಬರು ಕೇಳಿದರು, "ಬಾಡಿಗೆ ಸರ್ವರ್ ಯಾಕೆ? ಲ್ಯಾಬಿನಲ್ಲಿ ಹಳೇ ಕಂಪ್ಯೂಟರ್ ಉಂಟಲ್ಲ?" ಉಂಟು, ಹೌದು. ಕರೆಂಟಿನ ಖರ್ಚೂ ದೊಡ್ಡದಲ್ಲ. 60 ವಾಟ್ ಎಳೆಯುವ ಯಂತ್ರ ವರ್ಷವಿಡೀ ಓಡಿದರೆ ಸುಮಾರು 525 ಯೂನಿಟ್. ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೂ 4,200 ರೂಪಾಯಿ.

ಕರೆಂಟ್ ಹೋದರೆ ಬರುವ ಮೇಲ್‌ಗಳು ಕಳೆದುಹೋಗುತ್ತವೆ ಎಂಬ ಹೆದರಿಕೆಯೂ ಅಷ್ಟು ಸರಿಯಲ್ಲ. ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಕಡೆಯ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದ ಮಾಮೂಲಿ ಅವಧಿ ಐದು ದಿನ. ಒಂದು ರಾತ್ರಿ ಗಾಳಿಮಳೆಗೆ ಕಂಬ ಬಿದ್ದರೆ ಪತ್ರ ತಡವಾಗುತ್ತದೆ, ಕಳೆದುಹೋಗುವುದಿಲ್ಲ. ಮೇ ತಿಂಗಳ ಸಿಡಿಲಿಗೆ ಮೋಡೆಮ್, ಮದರ್‌ಬೋರ್ಡ್ ಎಲ್ಲ ಒಟ್ಟಿಗೆ ಸುಟ್ಟು, ಬ್ಯಾಕಪ್ ಇಟ್ಟ ಡಿಸ್ಕೂ ಅದೇ ಮೇಜಿನ ಮೇಲಿದ್ದರೆ ಮಾತ್ರ ನಿಜವಾದ ನಷ್ಟ.

ಲ್ಯಾಬಿನ ಯೋಚನೆ ನಿಂತದ್ದು ಬೇರೆ ಕಡೆ. ಮೇಲ್ ಬರುವುದು ಸುಲಭ, ಹೋಗುವುದು ಕಷ್ಟ. ಶಾಲೆಯ ಬ್ರಾಡ್‌ಬ್ಯಾಂಡಿನಲ್ಲಿ ಐಪಿ ವಿಳಾಸ ಆಗಾಗ ಬದಲಾಗುತ್ತಿತ್ತು. ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ಕೊಡುವುದು 25ನೇ ಪೋರ್ಟ್ ಎಂಬ ಬಾಗಿಲಿನಲ್ಲಿ. ನಮ್ಮ ಸಂಪರ್ಕದಲ್ಲಿ ಅದು ಹೊರಗೆ ಹೋಗಲು ತೆರೆದಿರಲಿಲ್ಲ. ಮನೆ, ಅಂಗಡಿಗೆ ಕೊಡುವ ಇಂತಹ ಐಪಿಗಳನ್ನು ದೊಡ್ಡ ಮೇಲ್ ಸೇವೆಗಳು ಮೊದಲೇ ಗುರುತು ಹಾಕಿಟ್ಟು, ಅಲ್ಲಿಂದ ನೇರವಾಗಿ ಬರುವ ಮೇಲ್ ತೆಗೆದುಕೊಳ್ಳುವುದಿಲ್ಲ. ಸ್ಥಿರ ಐಪಿಯ ಲೈನ್ ಹಾಕಿಸಬಹುದು. ಆದರೆ ಅದರ ತಿಂಗಳ ಬಾಡಿಗೆಗೇ ಒಂದು ಬಾಡಿಗೆ ಸರ್ವರ್ ಬರುತ್ತದೆ. ಲ್ಯಾಬಿನ ವಿಷಯ ಅಲ್ಲಿಗೆ ಬಿಟ್ಟೆವು.

ಆರು ವಾರದ ಪ್ರಯೋಗ

ಶಾಲೆಯ ಹೆಸರಿನ ಕೆಳಗೆ ಒಂದು ಪರೀಕ್ಷಾ ವಿಳಾಸ ಮಾಡಿ, ಬಾಡಿಗೆ ಸರ್ವರಿನಲ್ಲಿ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಪೋಸ್ಟ್‌ಫಿಕ್ಸ್, ಡವ್‌ಕಾಟ್, ಆರ್‌ಸ್ಪಾಮ್‌ಡಿ ಕೂರಿಸಿದೆ. ಮೊದಲನೆಯದು ಪತ್ರ ಸಾಗಿಸುತ್ತದೆ. ಎರಡನೆಯದು ಪೆಟ್ಟಿಗೆಯಲ್ಲಿಟ್ಟು ಓದಲು ಕೊಡುತ್ತದೆ. ಮೂರನೆಯದು ಸ್ಪಾಮ್ ಸೋಸುತ್ತದೆ. ಐದು ಜನರಿಗೆ ಪೆಟ್ಟಿಗೆ ಕೊಟ್ಟೆ. ಕೂರಿಸಲು ನನಗೆ 15 ಗಂಟೆ ಹಿಡಿಯಿತು. ಪ್ರತಿ ಗಂಟೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಟಿಪ್ಪಣಿಯಲ್ಲಿ ಕೊನೆಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ನೋಟ್‌ಬುಕ್ಕೇ.

ಮೊದಲ ವಾರ ಎಲ್ಲ ಸರಿ ಇತ್ತು. ಎರಡನೇ ವಾರ ಆಫೀಸಿನ ಅಕ್ಕ ಫೋನ್ ಮಾಡಿದರು. "ಸರ್, ಇದು ಎಂತ ಮಾರಾಯ್ರೆ, ಒಂದೇ ವಿಳಾಸಕ್ಕೆ ಬೆಳಿಗ್ಗೆ ಹೋಗ್ತದೆ, ಮಧ್ಯಾಹ್ನ ವಾಪಸ್ ಬರ್ತದೆ." ಪೂರ್ತಿ ಕೆಟ್ಟರೆ ಹುಡುಕುವುದು ಸುಲಭ. ಕೆಲವು ಹೋಗಿ ಕೆಲವು ವಾಪಸ್ ಬಂದರೆ ಅದೇ ತಲೆನೋವು. ಜೀಮೇಲ್ ಕಡೆಯಿಂದ ಬಂದ ಉತ್ತರದ ಸಂಖ್ಯೆ ಇದು:

```
550-5.7.25
```

ಕಳಿಸುವ ಐಪಿಗೆ ಪಿಟಿಆರ್ ದಾಖಲೆ ಇಲ್ಲ, ಅಥವಾ ಇದ್ದರೂ ಹೊಂದುತ್ತಿಲ್ಲ ಎಂದು ಇದರ ಅರ್ಥ. ಮನೆ ನಂಬರ್ ಕೊಟ್ಟರೆ ಮನೆಯವರ ಹೆಸರು ಹೇಳುವ ರಿಜಿಸ್ಟರ್ ಇದ್ದ ಹಾಗೆ ಈ ಪಿಟಿಆರ್. ಹೆಸರಿನಿಂದ ಐಪಿ ಸಿಗುವುದು ಮಾಮೂಲಿ ದಾಖಲೆ. ಐಪಿಯಿಂದ ಹೆಸರು ಸಿಗುವುದು ಪಿಟಿಆರ್. ಎರಡೂ ಒಂದನ್ನೊಂದು ಒಪ್ಪಬೇಕು. ನಾನು ಅದನ್ನು ಮೊದಲ ದಿನವೇ ಮಾಡಿಸಿದ್ದೆ. ಮತ್ತೆ ನೋಡಿದರೂ ಸರಿಯಾಗೇ ಇತ್ತು.

ಎರಡು ಗಂಟೆ ಹೋಯಿತು. ಆಮೇಲೆ ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗಿನಲ್ಲಿ, ಹೋದ ಪತ್ರಗಳನ್ನೂ ವಾಪಸ್ ಬಂದವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೋದವೆಲ್ಲ ಹಳೆಯ ನಮೂನೆಯ ಐಪಿ ವಿಳಾಸದಿಂದ ಹೋಗಿದ್ದವು. ವಾಪಸ್ ಬಂದವೆಲ್ಲ ಹೊಸ ನಮೂನೆಯ ಉದ್ದನೆಯ ಐಪಿವಿ6 ವಿಳಾಸದಿಂದ. ಬಾಡಿಗೆ ಸರ್ವರ್ ಕೊಟ್ಟವರು ಎರಡೂ ವಿಳಾಸ ಕೊಟ್ಟಿದ್ದರು. ನಾನು ಪಿಟಿಆರ್ ಮಾಡಿಸಿದ್ದು ಮೊದಲನೆಯದಕ್ಕೆ ಮಾತ್ರ. ಎರಡೂ ದಾರಿ ಇದ್ದಾಗ ಮೊದಲು ಯಾವುದರಲ್ಲಿ ಹೋಗಬೇಕು ಎಂದು ಪೋಸ್ಟ್‌ಫಿಕ್ಸ್ ಪ್ರತಿ ಸಲ ಚೀಟಿ ಎತ್ತುತ್ತದೆ. ಬೆಳಿಗ್ಗೆ ಅದೃಷ್ಟ ಇತ್ತು, ಮಧ್ಯಾಹ್ನ ಇರಲಿಲ್ಲ, ಅಷ್ಟೇ. 550 ಎಂದರೆ ಖಡಾಖಂಡಿತ ತಿರಸ್ಕಾರ. ಆದ್ದರಿಂದ ಇನ್ನೊಂದು ದಾರಿಯಲ್ಲಿ ಮತ್ತೆ ಪ್ರಯತ್ನ ಆಗದೆ ಪತ್ರ ನೇರ ವಾಪಸ್ ಬರುತ್ತಿತ್ತು.

ಪರಿಹಾರ ಎರಡೇ ಸಾಲು:

```
postconf -e 'inet_protocols = ipv4'
systemctl restart postfix
```

ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಮೊದಲು restart ಬದಲು reload ಕೊಟ್ಟೆ. ಈ ಬದಲಾವಣೆ ಜಾರಿಗೆ ಬರಬೇಕಾದರೆ ಪೋಸ್ಟ್‌ಫಿಕ್ಸನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅದು ನೆನಪಾಗುವ ತನಕ ಇನ್ನೂ ನಾಲ್ಕು ಪತ್ರ ವಾಪಸ್ ಬಂದವು. ಒಟ್ಟು ಐದೂವರೆ ಗಂಟೆ. ತಪ್ಪು ಪೂರ್ತಿ ನನ್ನದೇ. ಹತ್ತು ವರ್ಷದಿಂದ ಸರ್ವರ್ ನೋಡುವವನಿಗೆ ಐದೂವರೆ ಗಂಟೆ ಹಿಡಿದದ್ದು ಶಾಲೆಯ ಕಂಪ್ಯೂಟರ್ ಮೇಷ್ಟ್ರಿಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಪ್ರಶ್ನೆಯಾಗಿಯೇ ಬಿಟ್ಟೆ.

ಎರಡನೆಯ ತೊಂದರೆ ಬಂದದ್ದು ಐದನೇ ವಾರ. ಇದರಲ್ಲಿ ನಮ್ಮ ತಪ್ಪು ಏನೂ ಇಲ್ಲ, ಸಿಟ್ಟು ಬರುವುದೂ ಅದಕ್ಕೇ. ಇನ್ನೊಂದು ದೊಡ್ಡ ಮೇಲ್ ಸೇವೆ ನಮ್ಮ ಪತ್ರಗಳನ್ನೆಲ್ಲ ನಿಲ್ಲಿಸಿತು. ನಮ್ಮ ಐಪಿ ಎಲ್ಲೂ ಕಪ್ಪುಪಟ್ಟಿಯಲ್ಲಿರಲಿಲ್ಲ. ಆದರೆ ಅದೇ ಸಾಲಿನಲ್ಲಿ, ನಾಲ್ಕಾರು ಮನೆ ಆಚೆ, ಇನ್ಯಾರದೋ ಬಾಡಿಗೆ ಸರ್ವರ್ ಸ್ಪಾಮ್ ಸುರಿಯುತ್ತಿತ್ತು. ಅವರು ಇಡೀ ಸಾಲನ್ನೇ ತಡೆದಿದ್ದರು. ಅರ್ಜಿ ತುಂಬಿ ಕಳಿಸಿದೆ. ಸರ್ವರ್ ಕೊಟ್ಟವರಿಗೆ ದೂರು ಕೊಟ್ಟೆ. "ಬೇರೆ ಐಪಿ ಕೊಡುತ್ತೇವೆ" ಎಂದರು. ಬೇರೆ ಐಪಿ ಎಂದರೆ ಮತ್ತೆ ಪಿಟಿಆರ್, ಮತ್ತೆ ದಾಖಲೆ, ಮತ್ತೆ ಯಾರಿಗೂ ಪರಿಚಯವಿಲ್ಲದ ಹೊಸ ಮುಖ. ನನ್ನ ಕೆಲಸ ನಾಲ್ಕು ಗಂಟೆ, ಕಾಯುವಿಕೆ ಆರು ದಿನ. ಆ ಆರು ದಿನದಲ್ಲಿ ಮಸ್ಕತ್‌ನ ಇನ್ನೊಬ್ಬ ಪೋಷಕರಿಗೆ ಬೋನಫೈಡ್ ಸರ್ಟಿಫಿಕೇಟ್ ಹೋಗಬೇಕಿತ್ತು. ಹೋದದ್ದು ಮತ್ತೆ ಅಕ್ಕನ ಜೀಮೇಲ್‌ನಿಂದಲೇ.

ಅವತ್ತು ಮೇಡಂ ಏನೂ ಹೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು.

ಹಣದ ಲೆಕ್ಕ

ಹಳೆ ವಿದ್ಯಾರ್ಥಿ ಹೇಳಿದ ದರ ಸುಳ್ಳಲ್ಲ. ನನಗೆ ಸಿಕ್ಕ ಸರ್ವರಿಗೆ ತಿಂಗಳಿಗೆ 1,500 ರೂಪಾಯಿ, ಬೇರೆ ಕಡೆ ಬ್ಯಾಕಪ್ ಇಡಲು 350. ವರ್ಷಕ್ಕೆ 22,200. ಇನ್ನೊಂದು ಕಡೆ, ತಲೆಗೆ ತಿಂಗಳಿಗೆ ನೂರು ರೂಪಾಯಿ ಕೊಟ್ಟು ಹೊರಗಿನ ಕಂಪೆನಿಯಿಂದ ಪಡೆಯುವ ಮೇಲ್ ಸೇವೆ ಎಂದು ಹಿಡಿದರೆ 43 ಪೆಟ್ಟಿಗೆಗೆ ವರ್ಷಕ್ಕೆ 51,600. ಇಷ್ಟನ್ನೇ ನೋಡಿದರೆ ಸ್ವಂತದ್ದರಲ್ಲಿ 29,400 ಉಳಿತಾಯ. ಅವನ ಲೆಕ್ಕ ಇಲ್ಲಿಗೆ ನಿಂತಿತ್ತು.

ನೋಟ್‌ಬುಕ್ ತೆರೆದಾಗ ಇದು ಬದಲಾಯಿತು. ಆ ಎರಡು ತೊಂದರೆಗಳನ್ನು ಬಿಟ್ಟರೂ ವಾರಕ್ಕೆ ಒಂದೂವರೆ ಗಂಟೆ ಹೋಗುತ್ತಿತ್ತು: ಅಪ್‌ಡೇಟ್ ಹಾಕುವುದು, ಲಾಗ್ ನೋಡುವುದು, ಬ್ಯಾಕಪ್‌ನಿಂದ ಒಂದು ಪೆಟ್ಟಿಗೆ ವಾಪಸ್ ತೆಗೆದು ಓದಲು ಬರುತ್ತದಾ ಎಂದು ಪರೀಕ್ಷಿಸುವುದು. ವರ್ಷಕ್ಕೆ 78 ಗಂಟೆ. ಆರು ವಾರದಲ್ಲಿ ಎರಡು ತೊಂದರೆ ಬಂದಿದ್ದರೂ ವರ್ಷಕ್ಕೆ ನಾಲ್ಕೇ ಎಂದು ಧಾರಾಳವಾಗಿ ಹಿಡಿದೆ, ಒಂದಕ್ಕೆ ಐದು ಗಂಟೆಯಂತೆ. ಕೂರಿಸುವ 15 ಗಂಟೆ ಸೇರಿಸಿದರೆ ಮೊದಲ ವರ್ಷ 113 ಗಂಟೆ. ಗಂಟೆಗೆ 500 ರೂಪಾಯಿಯಂತೆ 56,500. ಬಾಡಿಗೆ ಸೇರಿ 78,700.

ನಾನು ದುಡ್ಡು ತೆಗೆದುಕೊಳ್ಳುವುದಿಲ್ಲವಲ್ಲ, ಆ ಗಂಟೆಗಳಿಗೆ ಬೆಲೆ ಯಾಕೆ ಎಂದು ಟ್ರಸ್ಟಿನವರು ಕೇಳಿದರು. ಅದಕ್ಕೆ ಮೇಡಂ ನನಗಿಂತ ಮೊದಲೇ ಉತ್ತರ ಕೊಟ್ಟರು. "ಇವರ ಮಗ ಹತ್ತನೇ ಕ್ಲಾಸ್ ಮುಗಿಸಿ ಹೋದ ಮೇಲೆ ಇವರು ಬರ್ತಾರಾ?"

ಹಣ ಕೊಟ್ಟು ಪಡೆಯುವ ಸೇವೆಗೂ ಕೆಲಸ ಇದೆ. ಹಳೆ ಪತ್ರ ಸಾಗಿಸಲು, ದಾಖಲೆ ಬದಲಿಸಲು, ಸಿಬ್ಬಂದಿಗೆ ಕಲಿಸಲು 22 ಗಂಟೆ. ಆಮೇಲೆ ತಿಂಗಳಿಗೆ ಎರಡು ಗಂಟೆ, ಮುಖ್ಯವಾಗಿ ಪಾಸ್‌ವರ್ಡ್ ಮರೆತವರಿಗೆ. ಮೊದಲ ವರ್ಷ 46 ಗಂಟೆ, 23,000 ರೂಪಾಯಿ. ಸೇವೆಯ ಹಣ ಸೇರಿ 74,600. ಸ್ವಂತ ಸರ್ವರಿಗೂ ಇದಕ್ಕೂ ನಾಲ್ಕು ಸಾವಿರದ ವ್ಯತ್ಯಾಸ. ಗಂಟೆಯ ದರ ಸ್ವಲ್ಪ ಇಳಿಸಿದರೆ ತಕ್ಕಡಿ ಸ್ವಂತ ಸರ್ವರಿನ ಕಡೆ ವಾಲುತ್ತದೆ. ಇದನ್ನು ಟಿಪ್ಪಣಿಯಲ್ಲಿ ಮುಚ್ಚಿಡಲಿಲ್ಲ. ಹಣದ ಸೇವೆ ಮತ್ತು ಸ್ವಂತ ಸರ್ವರ್ ಇವೆರಡೇ ಆಯ್ಕೆಯಾಗಿದ್ದರೆ ಖರ್ಚು ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ ಎಂದೇ ಬರೆದೆ.

ತೀರ್ಮಾನ ಸುಲಭ ಮಾಡಿದ್ದು ಶಾಲೆ ಎಂಬ ಕಾರಣ. ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್‌ನ ಮೂಲ ಆವೃತ್ತಿ ಮಾನ್ಯತೆ ಇರುವ ಶಾಲೆಗಳಿಗೆ ಉಚಿತ. ಮೈಕ್ರೋಸಾಫ್ಟಿನಲ್ಲೂ ಶಾಲೆಗಳಿಗೆ ಎ1 ಎಂಬ ಉಚಿತ ಯೋಜನೆ ಇದೆ. ಎರಡಕ್ಕೂ ಅರ್ಜಿ ಹಾಕಿ, ನಾವು ನಿಜವಾದ ಶಾಲೆ ಎಂದು ತೋರಿಸಬೇಕು. ಉಚಿತದಲ್ಲಿ ಉಳಿಯುವುದು ಕೆಲಸದ ಖರ್ಚು ಮಾತ್ರ: ಮೊದಲ ವರ್ಷ 23,000, ಆಮೇಲೆ 12,000. ಆಫೀಸಿನವರಿಗೆಲ್ಲ ಜೀಮೇಲ್ ಬಳಸಿ ಅಭ್ಯಾಸ ಇದ್ದುದರಿಂದ ಗೂಗಲಿನದನ್ನು ಸೂಚಿಸಿದೆ. ಬೇರೆ ದೊಡ್ಡ ಕಾರಣ ಇಲ್ಲ.

ಅಪಾಯ ಎಲ್ಲಿ ಹೋಯಿತು

ಹೊರಗಿನ ಸೇವೆಗೆ ಹೋದರೆ ಅಪಾಯ ಹೋಗುತ್ತದೆ ಎಂದು ಬರೆದರೆ ಅದು ಸುಳ್ಳು. ಜಾಗ ಬದಲಾಯಿಸುತ್ತದೆ.

ಸ್ವಂತ ಸರ್ವರಿನಲ್ಲಿ ನನಗೆ ಹೆದರಿಕೆ ಇದ್ದದ್ದು ಒಂದು ಸುಲಭ ಪಾಸ್‌ವರ್ಡಿನದ್ದು. ನನಗೆ ಗೊತ್ತಿರುವ ಒಂದು ಸಂಸ್ಥೆಯಲ್ಲಿ ಹೀಗೆ ಆಗಿತ್ತು. ಒಬ್ಬರ ಪಾಸ್‌ವರ್ಡ್ ಅವರ ಮೊಬೈಲ್ ನಂಬರೇ ಆಗಿತ್ತು. ಶನಿವಾರ ರಾತ್ರಿ ಯಾರೋ ಒಳಗೆ ಬಂದರು. ಸೋಮವಾರ ಬೆಳಿಗ್ಗೆ mailq ಎಂದು ಹೊಡೆದರೆ ಸಾಲಿನಲ್ಲಿ ಸಾವಿರಗಟ್ಟಲೆ ಪತ್ರ ಕಾಯುತ್ತಿದ್ದವು, ಎಲ್ಲ ಅವರ ಹೆಸರಲ್ಲೇ. ಮಾಮೂಲಿ ದಿನ ಅಲ್ಲಿ ನಾಲ್ಕೈದು ಇದ್ದರೆ ಹೆಚ್ಚು. ಪಾಸ್‌ವರ್ಡ್ ಬದಲಿಸಲು ಒಂದು ನಿಮಿಷ. ಇಡೀ ಸಂಸ್ಥೆಯ ಐಪಿ ಮತ್ತೆ ಮರ್ಯಾದಸ್ಥ ಆಗಲು ಮೂರು ವಾರ. ಹೊರಗಿನ ಸೇವೆಯಲ್ಲಿ ಅದೇ ಆದರೆ ಆ ಒಬ್ಬರ ಖಾತೆಯನ್ನು ತಡೆಯುತ್ತಾರೆ, ಉಳಿದವರ ಪತ್ರ ಹೋಗುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಆದರೆ ಹೊರಗಿನ ಸೇವೆಯಲ್ಲಿ ಇಡೀ ಶಾಲೆಯ ಮೇಲ್ ಒಂದು ಬೀಗದ ಕೈಯಲ್ಲಿ ತೂಗುತ್ತಿರುತ್ತದೆ. ಅದೇ ಮುಖ್ಯ ಅಡ್ಮಿನ್ ಖಾತೆ. ಅದು ಒಬ್ಬರ ಹೆಸರಲ್ಲಿ, ಒಬ್ಬರ ಫೋನಿಗೆ ಒಟಿಪಿ ಬರುವ ಹಾಗೆ ಇದ್ದು, ಅವರು ಸಿಮ್ ಬದಲಿಸಿದರೆ ಮುಗಿಯಿತು. ನಾನು ಬರೆದದ್ದು: ಅಡ್ಮಿನ್ ಖಾತೆ ಎರಡು ಇರಲಿ, ಒಂದು ಮೇಡಂ ಹತ್ತಿರ, ಇನ್ನೊಂದು ಟ್ರಸ್ಟಿನ ಕಾರ್ಯದರ್ಶಿ ಹತ್ತಿರ. ದಿನದ ಮೇಲ್ ಓದಲು ಆ ಖಾತೆ ಬಳಸಬೇಡಿ. ಒಟಿಪಿ ಸಿಗದಾಗ ಬಳಸುವ ಕೋಡುಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿ, ಹಾಜರಿ ಪುಸ್ತಕ ಇಡುವ ಕಪಾಟಿನಲ್ಲಿಡಿ.

ಇನ್ನೊಂದು ಸಣ್ಣ ವಿಷಯ, ಮಾರ್ಚ್ ತಿಂಗಳಿನದ್ದು. ಟೀಚರ್ ಒಬ್ಬರು ಬಿಟ್ಟು ಹೋಗುತ್ತಾರೆ, ಆಫೀಸಿನವರು ಅವರ ಖಾತೆ ಅಳಿಸುತ್ತಾರೆ. ಜೂನ್‌ನಲ್ಲಿ ಅವರ ಹಳೆ ಪತ್ರ ಬೇಕಾಗುತ್ತದೆ. ಅಳಿಸಿದ ಖಾತೆಯನ್ನು ಅಡ್ಮಿನ್ ವಾಪಸ್ ತರಲು ಸಾಧ್ಯವಿರುವುದು 20 ದಿನದೊಳಗೆ ಮಾತ್ರ. ಆದ್ದರಿಂದ ಅಳಿಸಬೇಡಿ, ತಡೆಹಿಡಿಯಿರಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಉಚಿತ ಎಂಬುದೂ ಶಾಶ್ವತ ಅಲ್ಲ. ಇದೇ ಗೂಗಲ್ ಮೊದಲು ಶಾಲೆಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಕೊಡುತ್ತಿತ್ತು. 2021ರಲ್ಲಿ ನಿಯಮ ಬದಲಿಸಿ ಇಡೀ ಸಂಸ್ಥೆಗೆ ಒಟ್ಟು 100 ಟಿಬಿ ಎಂಬ ಮಿತಿ ಹೇಳಿತು. ನಮ್ಮ ಅಳತೆಯ ಶಾಲೆಗೆ ಅದು ಬೇಕಾದಷ್ಟಾಯಿತು. ಆದರೆ ನಿಯಮ ಬದಲಿಸುವ ಪೆನ್ನು ಅವರ ಕೈಯಲ್ಲಿದೆ ಎಂಬುದು ಟ್ರಸ್ಟಿನವರಿಗೆ ಗೊತ್ತಿರಲಿ ಎಂದು ಸೇರಿಸಿದೆ. "ನಮ್ಮ ಪತ್ರಗಳನ್ನು ಜಾಹೀರಾತಿಗೆ ಬಳಸ್ತಾರಾ?" ಎಂದು ಒಬ್ಬರು ಕೇಳಿದರು. ಶಿಕ್ಷಣದ ಆವೃತ್ತಿಯ ಮುಖ್ಯ ಸೇವೆಗಳಲ್ಲಿ ಜಾಹೀರಾತು ಇಲ್ಲ, ಆ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದಿಲ್ಲ ಎಂದು ಅವರು ಹೇಳುತ್ತಾರೆ. ಸ್ವಂತ ಸರ್ವರಿನಲ್ಲಿ ಈ ವಿಷಯಕ್ಕೆ ಬೇರೆಯವರ ಮಾತನ್ನು ನಂಬಬೇಕಾಗಿಲ್ಲ. ಆ ಒಂದು ಅಂಕ ಹಳೆ ವಿದ್ಯಾರ್ಥಿಯ ಕಡೆಗೆ ಕೊಟ್ಟೆ.

ಯಾರೂ ಕೇಳದ ಪ್ರಶ್ನೆ

ಟಿಪ್ಪಣಿಗೆ ವಿವರ ಹುಡುಕುವಾಗ ಒಂದು ವಿಷಯ ಹೊರಬಿತ್ತು. ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಶಾಲೆಯ ಡೊಮೇನ್ ಹೆಸರು ಶಾಲೆಯದ್ದಾಗಿರಲಿಲ್ಲ. ವರ್ಷಗಳ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಸ್ವಂತ ಮೇಲ್ ವಿಳಾಸದಲ್ಲಿ ಅದನ್ನು ನೋಂದಾಯಿಸಿದ್ದರು. ಪ್ರತಿ ವರ್ಷ ಬಿಲ್ ಬರುತ್ತಿತ್ತು, ಶಾಲೆ ಕಟ್ಟುತ್ತಿತ್ತು. ಶಾಲೆಯದ್ದೇ ಎಂದು ಎಲ್ಲರೂ ತಿಳಿದಿದ್ದರು. ಅವರೇನೂ ಕೆಟ್ಟ ಮನುಷ್ಯರಲ್ಲ. ಆದರೆ ಅವರು ಒಂದು ವರ್ಷ ಮರೆತರೆ ಮೇಲ್ ಎಲ್ಲೇ ಇರಲಿ, ಸ್ವಂತ ಸರ್ವರಿರಲಿ ಗೂಗಲಿರಲಿ, ಶಾಲೆಯ ವಿಳಾಸಕ್ಕೆ ಬರೆದ ಪತ್ರಗಳೆಲ್ಲ ವಾಪಸ್.

ಹೆಸರು ನಮ್ಮ ಕೈಯಲ್ಲಿದ್ದರೆ ಸೇವೆ ಬದಲಿಸುವುದು ಒಂದೆರಡು ದಿನದ ಕೆಲಸ. ಹೊಸ ಕಡೆ ಪೆಟ್ಟಿಗೆ ಮಾಡಿ, ಹಳೆ ಪತ್ರ ಎಳೆದುಕೊಂಡು, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ತಿರುಗಿಸಿದರೆ ಆಯಿತು. ಹೆಸರು ಕೈಯಲ್ಲಿಲ್ಲದಿದ್ದರೆ ಯಾವ ಸೇವೆಯೂ ನಮ್ಮದಲ್ಲ. ಆದ್ದರಿಂದ ಟಿಪ್ಪಣಿಯ ಮೊದಲ ಪುಟದ ಮೊದಲ ಸಾಲು ಸರ್ವರ್ ಬಗ್ಗೆ ಆಗಲಿಲ್ಲ. ಹೀಗಾಯಿತು: "ಮೇಡಂ, ಯಾವ ದಾರಿ ಆರಿಸಿದರೂ ಮೊದಲು ಡೊಮೇನನ್ನು ಶಾಲೆಯ ಹೆಸರಿಗೆ ಮಾಡಿಸಿಕೊಳ್ಳಿ. ಅದಾಗುವ ತನಕ ಉಳಿದದ್ದನ್ನು ಮುಟ್ಟಬೇಡಿ." ವರ್ಗಾವಣೆಯ ಕೋಡ್ ಕೇಳಿ ಪಡೆದು, ಶಾಲೆಯ ಖಾತೆಗೆ ತರಲು ಒಂಬತ್ತು ದಿನ ಹಿಡಿಯಿತು. ಐದು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟಿಸಿದೆ.

ಬದಲಾಯಿಸಿದ ದಿನ

ಟ್ರಸ್ಟ್ ಒಪ್ಪಿತು. ಅರ್ಜಿಗೆ ಒಪ್ಪಿಗೆ ಬಂದದ್ದು 11 ದಿನಕ್ಕೆ. ಬದಲಾಯಿಸಲು ಒಂದು ಶನಿವಾರ ಮಧ್ಯಾಹ್ನ ಆರಿಸಿದೆವು. ಇಲ್ಲೂ ಒಂದು ಎಡವಟ್ಟು ಆಗುವುದರಲ್ಲಿತ್ತು. ನಮ್ಮ ಹೆಸರಲ್ಲಿ ಯಾರು ಪತ್ರ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆ ಹೊಸದನ್ನು ಹಾಕಿದೆ, ಹಳೆಯದನ್ನು ತೆಗೆಯಲು ಮರೆತೆ. ಎರಡು ಇದ್ದರೆ ಓದುವವರು ಯಾವುದನ್ನೂ ಒಪ್ಪದೆ ದೋಷ ಎಂದು ಬರೆಯುತ್ತಾರೆ. ಪರೀಕ್ಷಾ ಪತ್ರದ ತಲೆಭಾಗದಲ್ಲಿ `spf=permerror` ಎಂದು ಕಂಡಾಗ ಗೊತ್ತಾಯಿತು.

ಒಂದೇ ಸಾಲಿಗೆ ಇಳಿಸುವಾಗ ಇನ್ನೊಂದು ನೆನಪಾಯಿತು. ಫೀಸಿನ ರಸೀದಿ ಕಳಿಸುವ ತಂತ್ರಾಂಶವೂ ಶಾಲೆಯ ವಿಳಾಸದಿಂದಲೇ ಪತ್ರ ಕಳಿಸುತ್ತದೆ, ಆದರೆ ಅದರ ಸರ್ವರ್ ಬೇರೆ. ಅದನ್ನೂ ಸೇರಿಸದಿದ್ದರೆ ರಸೀದಿಗಳೆಲ್ಲ ಸ್ಪಾಮಿಗೆ ಹೋಗುತ್ತಿದ್ದವು, ಪೋಷಕರು ಆಫೀಸಿಗೆ ಬರುತ್ತಿದ್ದರು. ಕೊನೆಗೆ ನಿಂತ ಸಾಲು ಈ ನಮೂನೆಯದು, ಫೀಸಿನವರ ಹೆಸರು ಮಾತ್ರ ಬದಲಿಸಿದ್ದೇನೆ:

```
v=spf1 include:_spf.google.com include:fees.example ~all
```

ಸೋಮವಾರ ಆಫೀಸಿನ ಅಕ್ಕ ಮಸ್ಕತ್‌ಗೆ ಒಂದು ಪತ್ರ ಕಳಿಸಿ, ಫೋನ್ ಮಾಡಿ ಕೇಳಿದರು. ಬಂದಿದೆ ಎಂದರಂತೆ. ಬಾಡಿಗೆ ಸರ್ವರನ್ನು ಆ ತಿಂಗಳ ಕೊನೆಗೆ ನಿಲ್ಲಿಸಿದೆ. ಸ್ವಲ್ಪ ಬೇಸರವೂ ಆಯಿತು.

ಲಕೋಟೆ ಕಪಾಟಿನಲ್ಲಿದೆ, ನಾನೇ ನೋಡಿದೆ. ಎರಡನೇ ಅಡ್ಮಿನ್ ಖಾತೆಯನ್ನು ಮಾತ್ರ ಕಾರ್ಯದರ್ಶಿಗಳು ಇನ್ನೂ ಒಂದು ಸಲವೂ ತೆರೆದಿಲ್ಲ. "ಬರುವ ವಾರ ಮಾಡ್ವ" ಎನ್ನುತ್ತಾರೆ. ಅದಕ್ಕೆ ಈಗ ಮೂರು ತಿಂಗಳಾಯಿತು.